ಕಬ್ಬಿನ ಹಾಲೋ, ಎಳನೀರೋ, ನಿಂಬೆ ಸೋಡಾನೋ? ಲೋಟದೊಳಗಿನ ಸಕ್ಕರೆಯ ಲೆಕ್ಕ

"ಅಪ್ಪನಿಗೆ ಶುಗರ್ ಇದೆ. ಕೋಲಾ ಬಿಡಿಸಿದ್ದೀವಿ. ಈಗ ದಿನಾ ಸಾಯಂಕಾಲ ಒಂದು ಲೋಟ ಕಬ್ಬಿನ ಹಾಲು ಕುಡೀತಾರೆ. ಅದು ನ್ಯಾಚುರಲ್ ಅಲ್ವಾ, ಪರವಾಗಿಲ್ಲ ತಾನೇ?"

ನಾನು ಮಂಡ್ಯದಲ್ಲಿ ಡಯಟಿಷಿಯನ್ ಆಗಿ ಕೆಲಸ ಮಾಡುತ್ತೇನೆ. ಮಾರ್ಚ್ ಬಂತೆಂದರೆ ಈ ಪ್ರಶ್ನೆ ವಾರಕ್ಕೆ ನಾಲ್ಕು ಸಲವಾದರೂ ಬರುತ್ತದೆ. ಕೇಳುವವರು ಬೇರೆ ಬೇರೆ. ಒಬ್ಬರಿಗೆ ತೂಕ ಇಳಿಸಬೇಕು, ಇನ್ನೊಬ್ಬರಿಗೆ ಮಗುವಿನ ಚಿಂತೆ, ಮತ್ತೊಬ್ಬರಿಗೆ ಬಿಸಿಲಲ್ಲಿ ಬೈಕ್ ಓಡಿಸಿ ಬಂದು ಏನು ಕುಡಿದರೆ ಒಳ್ಳೆಯದು ಎಂಬ ಗೊಂದಲ. ಹಾಗಾಗಿ ರಸ್ತೆ ಬದಿಯಲ್ಲಿ ಸಿಗುವುದನ್ನೆಲ್ಲ ಒಂದೇ ತಕ್ಕಡಿಯಲ್ಲಿ ಇಟ್ಟು ಬರೆಯುತ್ತಿದ್ದೇನೆ.

ಮೊದಲು ಅಳತೆಗೋಲು ಯಾವುದು ಅಂತ ಹೇಳಿಬಿಡುತ್ತೇನೆ. ನಾನು ನೋಡುವುದು ಮೂರು ಸಂಗತಿ. ಲೋಟದಲ್ಲಿ ನಿಜವಾಗಿ ಎಷ್ಟು ಮಿಲಿ ಇದೆ, ಅದರಲ್ಲಿ ಸಕ್ಕರೆ ಎಷ್ಟು ಗ್ರಾಂ, ಮತ್ತು ಆ ಸಕ್ಕರೆಯನ್ನು ಕಡಿಮೆ ಮಾಡಿಸುವ ದಾರಿ ನಮ್ಮ ಕೈಯಲ್ಲಿ ಇದೆಯಾ. ಈ ಮೂರನೆಯದನ್ನು ಯಾರೂ ಕೇಳುವುದಿಲ್ಲ. ಆದರೆ ಆಯ್ಕೆ ಮಾಡುವಾಗ ಹೆಚ್ಚು ಕೆಲಸಕ್ಕೆ ಬರುವುದು ಅದೇ. ಕ್ಯಾಲೊರಿ ಲೆಕ್ಕ ಸುಲಭ. ಒಂದು ಗ್ರಾಂ ಸಕ್ಕರೆಗೆ 4 ಕ್ಯಾಲೊರಿ. ಹಾಲು ಬೆರೆತ ಪಾನೀಯಗಳನ್ನು ಬಿಟ್ಟರೆ ಇವೆಲ್ಲದರ ಕ್ಯಾಲೊರಿ ಬರುವುದು ಹೆಚ್ಚುಕಡಿಮೆ ಸಕ್ಕರೆಯಿಂದಲೇ.

ದಿನಕ್ಕೆ ಎಷ್ಟು ಸಕ್ಕರೆ ಆಗಬಹುದು ಅನ್ನುವುದಕ್ಕೂ ಒಂದು ಗೆರೆ ಬೇಕು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಭಾರತೀಯರಿಗಾಗಿ ಹೊಸ ಆಹಾರ ಮಾರ್ಗಸೂಚಿ ಹೊರತಂದಿತು. ಅದರಲ್ಲಿ ಕಬ್ಬಿನ ಹಾಲಿನ ಹೆಸರನ್ನೇ ಎತ್ತಿ ಹೇಳಿದ್ದಾರೆ. 100 ಮಿಲಿಯಲ್ಲಿ 13ರಿಂದ 15 ಗ್ರಾಂ ಸಕ್ಕರೆ ಇದೆ, ಕಡಿಮೆ ಕುಡಿಯಿರಿ ಅಂತ. ದೊಡ್ಡವರಿಗೆ ದಿನಕ್ಕೆ 30 ಗ್ರಾಂ, 7ರಿಂದ 10 ವರ್ಷದ ಮಕ್ಕಳಿಗೆ 24 ಗ್ರಾಂ ಮೀರಬಾರದು ಎಂಬುದು ಅವರ ಮಿತಿ. ಇದರಲ್ಲಿ ಬೆಳಗಿನ ಕಾಫಿಗೆ ಹಾಕಿದ ಸಕ್ಕರೆಯೂ ಸೇರಿತು. ಹಾಲು, ಮಜ್ಜಿಗೆಯಲ್ಲಿ ತಾನಾಗಿ ಇರುವ ಸಕ್ಕರೆ ಮತ್ತು ಇಡೀ ಹಣ್ಣು ತಿಂದಾಗ ಬರುವ ಸಕ್ಕರೆ ಈ ಲೆಕ್ಕಕ್ಕೆ ಬರುವುದಿಲ್ಲ. ಹಣ್ಣನ್ನು ಹಿಂಡಿ ರಸ ಮಾಡಿದರೆ ಬರುತ್ತದೆ.

ಒಂದು ಲೋಟ ಕಾಯಿಸಿ ನೋಡಿದೆ

ನಮ್ಮ ಕಡೆಯವರಿಗೆ ಗ್ರಾಂ ಲೆಕ್ಕ ಹೇಳುವುದಕ್ಕಿಂತ ಬೆಲ್ಲದ ಲೆಕ್ಕ ಹೇಳಿದರೆ ಬೇಗ ಅರ್ಥವಾಗುತ್ತದೆ. ಆಲೆಮನೆಯಲ್ಲಿ ಒಂದು ಟನ್ ಕಬ್ಬು ಅರೆದರೆ ಸುಮಾರು 600 ಲೀಟರ್ ಹಾಲು, ಅದನ್ನು ಕಾಯಿಸಿದರೆ ಸುಮಾರು 100 ಕೆ.ಜಿ. ಬೆಲ್ಲ. ಇದನ್ನು ಒಂದು ಲೋಟಕ್ಕೆ ಇಳಿಸಿ. 250 ಮಿಲಿ ಹಾಲಿಗೆ ಸುಮಾರು 40 ಗ್ರಾಂ ಬೆಲ್ಲ ಬಂತು.

ನನಗೇ ಒಮ್ಮೆ ಅನುಮಾನ ಬಂದು ಮನೆಯಲ್ಲಿ ಮಾಡಿ ನೋಡಿದೆ. ಐಸು, ನಿಂಬೆ ಏನೂ ಹಾಕಿಸದೆ ಕಬ್ಬಿನ ಹಾಲು ಪಾರ್ಸೆಲ್ ತಂದೆ. ಅಳೆದು 250 ಮಿಲಿ ದಪ್ಪ ತಳದ ಬಾಣಲೆಗೆ ಹಾಕಿದೆ. ಮೊದಲು ಬೂದು ಬಣ್ಣದ ಕಲ್ಮಷ ಮೇಲೆ ಬಂತು, ಚಮಚದಲ್ಲಿ ತೆಗೆದೆ. ಆಮೇಲೆ ನೊರೆ ಉಕ್ಕಿತು. ಇಪ್ಪತ್ತು ನಿಮಿಷದ ನಂತರ ನೊರೆ ಚಿಕ್ಕದಾಗಿ, ಬಣ್ಣ ಜೇನಿನ ಹಾಗೆ ಆಗಿ, ಕೊನೆಗೆ ಪಾಕ ಗಟ್ಟಿಯಾಗಿ ಬಾಣಲೆ ಬಿಟ್ಟು ಬರತೊಡಗಿತು. ತಟ್ಟೆಗೆ ಹಾಕಿ ಆರಿಸಿ ತೂಗಿದರೆ 38 ಗ್ರಾಂ. ಅಂಗೈಯಲ್ಲಿ ಇಟ್ಟುಕೊಂಡೆ. ದೊಡ್ಡ ನಿಂಬೆಹಣ್ಣಿನಷ್ಟು ಬೆಲ್ಲದ ಉಂಡೆ. ಪಕ್ಕದಲ್ಲಿ ನಿಂತಿದ್ದ ಅತ್ತಿಗೆ "ಇಷ್ಟನ್ನ ಕಚ್ಚಿ ತಿನ್ನು ಅಂದ್ರೆ ಯಾರು ತಿಂತಾರೆ?" ಅಂದರು. ಅದೇ ಮಾತನ್ನು ಈಗ ನಾನು ಬಂದವರಿಗೆಲ್ಲ ಹೇಳುತ್ತೇನೆ.

ಬೆಲ್ಲದಲ್ಲಿ ಸ್ವಲ್ಪ ನೀರಿನಂಶ, ಖನಿಜಾಂಶ ಇರುತ್ತದೆ. ಅದನ್ನು ಕಳೆದರೆ ಆ ಲೋಟದಲ್ಲಿ ಸಕ್ಕರೆ ಸುಮಾರು 35 ಗ್ರಾಂ, ಕ್ಯಾಲೊರಿ 140. ಚಮಚದ ಲೆಕ್ಕದಲ್ಲಿ ಏಳು ಟೀ ಚಮಚ.

ಈ ಅಂಕಿ ಎಲ್ಲ ಲೋಟಕ್ಕೂ ಒಂದೇ ಅಲ್ಲ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ, ಚಳಿ ಕಂಡು ಚೆನ್ನಾಗಿ ಬಲಿತ ಕಬ್ಬಿನಲ್ಲಿ ಸಿಹಿ ಜಾಸ್ತಿ. ಎಳೆ ಕಬ್ಬಿನಲ್ಲಿ ಕಡಿಮೆ. ಒಂದೇ ಜಲ್ಲೆಯಲ್ಲೂ ಬುಡದ ಗೆಣ್ಣುಗಳು ಸಿಹಿ, ಸೋಗೆಯ ಕಡೆ ಸಪ್ಪೆ. ಒಳ್ಳೆಯ ಗಾಡಿಯವರು ತುದಿಯನ್ನು ಕತ್ತರಿಸಿ ಎಸೆಯುತ್ತಾರೆ. ಅಂದರೆ ರುಚಿ ಚೆನ್ನಾಗಿರುವ ಗಾಡಿಯಲ್ಲಿ ಸಕ್ಕರೆಯೂ ಒಂದು ಕೈ ಮೇಲೆಯೇ.

ನಾಲಿಗೆಯನ್ನು ನಂಬಬೇಡಿ

ಅದೇ ಕಬ್ಬಿನ ಹಾಲಿಗೆ ಅರ್ಧ ನಿಂಬೆ, ಒಂದು ತುಂಡು ಶುಂಠಿ ಹಾಕಿ ಅರೆದುಕೊಟ್ಟರೆ ಸಿಹಿ ಕಡಿಮೆ ಅನಿಸುತ್ತದೆ. ಸಕ್ಕರೆ ಒಂದು ಗ್ರಾಂ ಕೂಡ ಕಡಿಮೆ ಆಗಿರುವುದಿಲ್ಲ. ಹುಳಿ ಮತ್ತು ತಂಪು ಎರಡೂ ಸಿಹಿಯನ್ನು ಮುಚ್ಚುತ್ತವೆ. ಕೋಲಾ ನಡೆಯುವುದೂ ಇದರ ಮೇಲೆಯೇ. ತಣ್ಣಗಿದ್ದಾಗ ಗಟಗಟ ಇಳಿಯುವ ಕೋಲಾವನ್ನು ಬಿಸಿಲಲ್ಲಿ ಇಟ್ಟು ಗ್ಯಾಸ್ ಹೋದ ಮೇಲೆ ಕುಡಿದು ನೋಡಿ, ಪಾಕದ ಹಾಗೆ ಇರುತ್ತದೆ.

ಹೋಲಿಕೆಯಲ್ಲಿ ಜನರಿಗೆ ಬೇಸರವಾಗುವ ಜಾಗ ಇಲ್ಲೇ ಇದೆ. 250 ಮಿಲಿ ಕೋಲಾದಲ್ಲಿ ಸಕ್ಕರೆ 26-27 ಗ್ರಾಂ. ಅದೇ ಅಳತೆಯ ಕಬ್ಬಿನ ಹಾಲಿನಲ್ಲಿ 33ರಿಂದ 38 ಗ್ರಾಂ. ಕಬ್ಬಿನ ಹಾಲೇ ಜಾಸ್ತಿ. ಹಾಗಂತ ಕೋಲಾ ಒಳ್ಳೆಯದು ಅಂತ ನಾನು ಹೇಳುತ್ತಿಲ್ಲ. ಕಬ್ಬಿನ ಹಾಲಿನಲ್ಲಿ ಪೊಟ್ಯಾಸಿಯಂ ಇದೆ, ಗಿಡದಿಂದ ಬಂದ ಬೇರೆ ಒಳ್ಳೆಯ ಅಂಶಗಳೂ ಸ್ವಲ್ಪ ಇವೆ. ಕೋಲಾದಲ್ಲಿ ಸಕ್ಕರೆಯ ಜೊತೆಗೆ ಇರುವುದು ಆಮ್ಲ, ಕೆಫೀನ್, ಬಣ್ಣ. ಆದರೆ ರಕ್ತದ ಸಕ್ಕರೆಯ ಪ್ರಶ್ನೆ ಬಂದಾಗ ದೇಹ ಇದು ಗದ್ದೆಯದ್ದೋ ಫ್ಯಾಕ್ಟರಿಯದ್ದೋ ಅಂತ ನೋಡುವುದಿಲ್ಲ. ಕಬ್ಬಿನ ಹಾಲಿನಲ್ಲಿ ಇರುವುದು ಬಹುತೇಕ ಸುಕ್ರೋಸ್, ಅಂದರೆ ನಮ್ಮ ಅಡುಗೆಮನೆಯ ಸಕ್ಕರೆಯೇ. ಸಕ್ಕರೆ ಕಾರ್ಖಾನೆ ಮಾಡುವುದು ಇದೇ ಹಾಲನ್ನು ಶುದ್ಧ ಮಾಡಿ ಹರಳು ಮಾಡುವ ಕೆಲಸ.

"ಹಾಗಾದರೆ ಕಬ್ಬು ಜಗಿದು ತಿಂದರೆ?" ಅಂತ ಕೇಳುತ್ತಾರೆ. ಅದು ಬೇರೆ ಮಾತು. ಒಂದು ಲೋಟ ಹಾಲಿಗೆ ಸುಮಾರು ಅರ್ಧ ಕೆ.ಜಿ. ಕಬ್ಬು ಬೇಕು. ಗಾಡಿಯವರು ಅದನ್ನು ಮೂರು ಸಲ ಮಡಚಿ ಗಾಣಕ್ಕೆ ಕೊಟ್ಟು ಒಂದು ನಿಮಿಷದಲ್ಲಿ ಹಿಂಡುತ್ತಾರೆ, ನಾವು ಎರಡು ನಿಮಿಷದಲ್ಲಿ ಕುಡಿಯುತ್ತೇವೆ. ಅಷ್ಟು ಕಬ್ಬನ್ನು ಜಗಿಯಲು ಕೂತರೆ ಅರ್ಧ ದಾರಿಯಲ್ಲೇ ದವಡೆ ನೋಯುತ್ತದೆ. ಸಕ್ಕರೆ ನಿಧಾನಕ್ಕೆ ಒಳಗೆ ಹೋಗುತ್ತದೆ, ಸಾಕು ಅನಿಸುವುದೂ ಬೇಗ.

ಪಕ್ಕದ ಗಾಡಿಗಳಲ್ಲಿ ಏನಿದೆ

ಕೆಳಗಿನವು ನಾನು ಸಾಮಾನ್ಯವಾಗಿ ಹಿಡಿಯುವ ಅಂದಾಜುಗಳು. ಅಂಗಡಿಯಿಂದ ಅಂಗಡಿಗೆ ಸ್ವಲ್ಪ ಹೆಚ್ಚುಕಡಿಮೆ ಆಗುತ್ತದೆ.

| ಪಾನೀಯ | ಸಕ್ಕರೆ (ಗ್ರಾಂ) | ಕ್ಯಾಲೊರಿ |
|---|---|---|
| ಕಬ್ಬಿನ ಹಾಲು, ಐಸ್ ಇಲ್ಲದೆ, 250 ಮಿಲಿ | 33–38 | 135–155 |
| ಕಬ್ಬಿನ ಹಾಲು, ಸಣ್ಣ ಲೋಟ, 150 ಮಿಲಿ | 20–23 | 80–90 |
| ಮೂಸಂಬಿ ಜ್ಯೂಸ್, ಸಕ್ಕರೆ ಪಾಕ ಹಾಕಿ, 200 ಮಿಲಿ | 34 | 140 |
| ಮೂಸಂಬಿ ಜ್ಯೂಸ್, ಪಾಕ ಇಲ್ಲದೆ | 16 | 70 |
| ಕೋಲಾ, 250 ಮಿಲಿ | 26–27 | 105–110 |
| ಬಾದಾಮಿ ಹಾಲು, 200 ಮಿಲಿ | 25–30 | 200 |
| ಸಿಹಿ ನಿಂಬೆ ಸೋಡಾ | 18–20 | 75–80 |
| ಉಪ್ಪು ನಿಂಬೆ ಸೋಡಾ | 1 | 5–10 |
| ಎಳನೀರು, 300 ಮಿಲಿ | 10–15 | 50–65 |
| ಉಪ್ಪು ಹಾಕಿದ ಮಜ್ಜಿಗೆ, 200 ಮಿಲಿ | 4–5 | 35–50 |
| ಟೀ, ಸಣ್ಣ ಗ್ಲಾಸ್, 90 ಮಿಲಿ | 8–10 | 55–70 |

ಮೂಸಂಬಿಯ ಎರಡು ಸಾಲುಗಳನ್ನು ಇನ್ನೊಮ್ಮೆ ನೋಡಿ. ಜ್ಯೂಸ್ ಗಾಡಿಯಲ್ಲಿ ಒಂದು ಪಾತ್ರೆಯ ತುಂಬ ಸಕ್ಕರೆ ಪಾಕ ಇಟ್ಟಿರುತ್ತಾರೆ. ಒಂದು ಕೆ.ಜಿ. ಸಕ್ಕರೆಯನ್ನು ಒಂದು ಲೀಟರ್ ನೀರಿನಲ್ಲಿ ಕರಗಿಸಿದರೆ ಒಂದೂವರೆ ಲೀಟರಿಗಿಂತ ಸ್ವಲ್ಪ ಜಾಸ್ತಿ ಪಾಕ ಆಗುತ್ತದೆ. ಅದರಿಂದ 30 ಮಿಲಿಯ ಒಂದು ಸಣ್ಣ ಸೌಟು ಹಾಕಿದರೆ 18 ಗ್ರಾಂ ಸಕ್ಕರೆ ಬಿತ್ತು. ಹಣ್ಣಿನಲ್ಲಿ ಇದ್ದಷ್ಟೇ ಮತ್ತೆ ಮೇಲಿಂದ. "ಪಾಕ ಬೇಡ" ಅಂದರೆ ಸಕ್ಕರೆ ಅರ್ಧಕ್ಕೆ ಇಳಿಯುತ್ತದೆ. ನಿಂಬೆ ಸೋಡಾದಲ್ಲಂತೂ ಇಪ್ಪತ್ತರಿಂದ ಒಂದಕ್ಕೆ. ಟೀ ಅಂಗಡಿಯಲ್ಲೂ "ಸಕ್ಕರೆ ಕಮ್ಮಿ" ಅಂತ ಹೇಳಿಸಿಕೊಳ್ಳಬಹುದು.

ಕಬ್ಬಿನ ಹಾಲಿನಲ್ಲಿ ಈ ಸೌಲಭ್ಯ ಇಲ್ಲ. ಆ ಪಾನೀಯಗಳಲ್ಲಿ ಮೇಲಿಂದ ಬೀಳುವ ಸಕ್ಕರೆ ಚಮಚದಲ್ಲಿದೆ, ಇಲ್ಲಿ ಜಲ್ಲೆಯೊಳಗೇ ಇದೆ. "ಸಕ್ಕರೆ ಹಾಕಬೇಡಿ" ಅಂದರೆ ಗಾಡಿಯವರು "ನಾವು ಹಾಕೋದೇ ಇಲ್ಲ" ಅನ್ನುತ್ತಾರೆ, ಅದು ನಿಜವೂ ಹೌದು. ನಾವು ಬದಲಾಯಿಸಬಹುದಾದದ್ದು ಲೋಟದ ಅಳತೆ ಒಂದನ್ನೇ. ಹಾಗಾಗಿ ಕಬ್ಬಿನ ಹಾಲು ಬೇಕೇ ಬೇಕು ಅನ್ನುವವರಿಗೆ ನನ್ನ ಸಲಹೆ ಸಣ್ಣ ಲೋಟ.

ಐಸ್ ಹಾಕಿಸಿದರೆ ಲೋಟದಲ್ಲಿ ಹಾಲು ಕಡಿಮೆ ಹಿಡಿಯುತ್ತದೆ, ಸಕ್ಕರೆಯೂ ಕಡಿಮೆ ಆಗುತ್ತದೆ, ಅದು ಹೌದು. 250 ಮಿಲಿ ಲೋಟದಲ್ಲಿ ಐಸ್ ಬಿಟ್ಟು 180 ಮಿಲಿ ಹಾಲು ಇದ್ದರೆ ಸಕ್ಕರೆ 25 ಗ್ರಾಂ ಆಸುಪಾಸು. ಆದರೆ ಗೋಣಿಚೀಲದಲ್ಲಿ ಸುತ್ತಿ ಇಟ್ಟ ಆ ಗಡ್ಡೆಯನ್ನು ಯಾವ ನೀರಿನಲ್ಲಿ ಮಾಡಿದ್ದಾರೆ ಅಂತ ನಮಗೆ ಗೊತ್ತಾಗುವುದಿಲ್ಲ. ಸಕ್ಕರೆ ಉಳಿಸಲು ಹೋಗಿ ಹೊಟ್ಟೆ ಕೆಡಿಸಿಕೊಳ್ಳುವುದು ಬೇಡ. ಐಸ್ ಇಲ್ಲದ ಸಣ್ಣ ಲೋಟವೇ ಮೇಲು.

ಎಳನೀರಿನ ಬಗ್ಗೆ ಒಂದು ಮಾತು. ಮದ್ದೂರಿನ ಎಳನೀರು ಮಾರುಕಟ್ಟೆ ಇಲ್ಲೇ ಹತ್ತಿರದಲ್ಲಿದ್ದರೂ ಬೇಸಿಗೆಯಲ್ಲಿ ನಮಗೂ ಅದು ದುಬಾರಿಯೇ. ಒಂದು ಎಳನೀರಿನ ದುಡ್ಡಿಗೆ ಎರಡು ಲೋಟ ಕಬ್ಬಿನ ಹಾಲು ಬರುತ್ತದೆ. ದುಡ್ಡಿನ ಚಿಂತೆ ಇದ್ದರೆ ಎಳನೀರಿನ ಜಾಗಕ್ಕೆ ಕಬ್ಬಿನ ಹಾಲು ತರಬೇಡಿ, ಮಜ್ಜಿಗೆ ತನ್ನಿ. ಅದು ಎರಡಕ್ಕಿಂತಲೂ ಅಗ್ಗ. ಸಕ್ಕರೆ ಕಡಿಮೆ, ಸ್ವಲ್ಪ ಪ್ರೋಟೀನೂ ಸಿಗುತ್ತದೆ. ಬಿಪಿ ಇರುವವರು ಉಪ್ಪು ಕಮ್ಮಿ ಹಾಕಿಸಿಕೊಳ್ಳಬೇಕು, ಅಷ್ಟೇ. ಇನ್ನು ಎಳನೀರು ಎಲ್ಲರಿಗೂ ಸಲ್ಲುವುದಿಲ್ಲ. ಅದರಲ್ಲಿ ಪೊಟ್ಯಾಸಿಯಂ ತುಂಬಾ ಜಾಸ್ತಿ. ಕಿಡ್ನಿ ತೊಂದರೆ ಇರುವವರು ವೈದ್ಯರನ್ನು ಕೇಳದೆ ಕುಡಿಯಲೇಬಾರದು.

ಯಾರಿಗೆ ಯಾವುದು

ಮೊದಲು ಕೇಳಿದ ಪ್ರಶ್ನೆಗೇ ಬರುತ್ತೇನೆ. ಶುಗರ್ ಇರುವ ಅಪ್ಪನಿಗೆ ದಿನಾ ಸಾಯಂಕಾಲದ ದೊಡ್ಡ ಲೋಟ ಖಂಡಿತ ಬೇಡ. ಕೋಲಾ ಬಿಡಿಸಿ 27 ಗ್ರಾಂ ಉಳಿಸಿ, 35 ಗ್ರಾಂ ಕೊಟ್ಟ ಹಾಗಾಯಿತು. ದಿನದ ಮಿತಿ ಒಂದೇ ಲೋಟದಲ್ಲಿ ಮುಗಿದು ಮೇಲೆ ಐದು ಗ್ರಾಂ ಜಾಸ್ತಿ ಬೇರೆ. ಅವರಿಗೆ ಮಜ್ಜಿಗೆ ಅಥವಾ ಉಪ್ಪು ನಿಂಬೆ ಸೋಡಾ ಸರಿ. ಕಬ್ಬಿನ ಹಾಲಿನ ಆಸೆ ಬಿಡುವುದಿಲ್ಲ ಅಂದರೆ ಯಾವಾಗಲಾದರೂ ಒಮ್ಮೆ, ಮನೆಯವರ ಲೋಟದಿಂದ ನಾಲ್ಕು ಗುಟುಕು. ಅದೂ ಊಟ ಆದ ಮೇಲೆ, ಆ ದಿನ ಬೇರೆ ಸಿಹಿ ಇಲ್ಲದೆ. ಮನೆಯಲ್ಲಿ ಗ್ಲೂಕೋಮೀಟರ್ ಇದ್ದರೆ ಕುಡಿಯುವ ಮೊದಲು ಮತ್ತು ಎರಡು ಗಂಟೆ ಆದ ಮೇಲೆ ನೋಡಿ. ನನ್ನ ಮಾತಿಗಿಂತ ಆ ಯಂತ್ರದ ಅಂಕಿ ಅವರಿಗೆ ಬೇಗ ನಾಟುತ್ತದೆ.

ಇದೇ ಅಪ್ಪನಿಗೆ ಕಬ್ಬಿನ ಹಾಲು ಔಷಧಿಯಾಗುವ ಸಮಯವೂ ಒಂದಿದೆ. ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಂಡು ಊಟ ತಡವಾಗಿ, ಕೈ ನಡುಗಿ, ಬೆವರು ಬಂದು, ಶುಗರ್ 70ಕ್ಕಿಂತ ಕೆಳಗೆ ಇಳಿದಾಗ ತಕ್ಷಣ 15 ಗ್ರಾಂ ಸಕ್ಕರೆ ಬೇಕು. ದಾರಿಯಲ್ಲಿದ್ದರೆ ಕಬ್ಬಿನ ಹಾಲಿನ ಅರ್ಧ ಲೋಟಕ್ಕೂ ಕಡಿಮೆ, 100 ಮಿಲಿ, ಸಾಕು. ಹದಿನೈದು ನಿಮಿಷ ಬಿಟ್ಟು ಮತ್ತೆ ಪರೀಕ್ಷೆ ಮಾಡಬೇಕು. ಪ್ರಜ್ಞೆ ತಪ್ಪಿದವರ ಬಾಯಿಗೆ ಮಾತ್ರ ಏನನ್ನೂ ಹಾಕಬೇಡಿ.

ಗದ್ದೆಯಲ್ಲಿ ಕಬ್ಬು ಕಡಿಯುವವರು, ಮೂಟೆ ಹೊರುವವರು, ಗಂಟೆಗಟ್ಟಲೆ ಕಬಡ್ಡಿ ಆಡುವ ಹುಡುಗರು, ಇವರಿಗೆ ನಾನು ಕಬ್ಬಿನ ಹಾಲು ಬೇಡ ಅನ್ನುವುದಿಲ್ಲ. ಅವರ ಮೈಗೆ 140 ಕ್ಯಾಲೊರಿ ಬೇಕು, ಅಷ್ಟು ಕಡಿಮೆ ದುಡ್ಡಿಗೆ ಅಷ್ಟು ಬೇಗ ಕೊಡುವುದು ಬೇರೆ ಇಲ್ಲ. ಆದರೆ ಬಾಯಾರಿಕೆಗೆ ಅದನ್ನೇ ಕುಡಿಯಬಾರದು. ಮೊದಲು ನೀರು, ಆಮೇಲೆ ಕಬ್ಬಿನ ಹಾಲು. ಬೆವರಿನಲ್ಲಿ ಹೋದ ಉಪ್ಪೂ ಅದರಲ್ಲಿ ಸಿಗುವುದಿಲ್ಲ, ಅದಕ್ಕೆ ಮಜ್ಜಿಗೆಯೇ ಸರಿ. ಬಸ್ಸಿನಲ್ಲಿ ಎರಡು ಗಂಟೆ ಕೂತು ಇಳಿದವರ ಕಥೆ ಬೇರೆ. ಆ 140 ಕ್ಯಾಲೊರಿ ಕರಗಲು ಅರ್ಧದಿಂದ ಮುಕ್ಕಾಲು ಗಂಟೆ ಚುರುಕಾಗಿ ನಡೆಯಬೇಕು. ತೂಕ ಇಳಿಸುವವರು ಗಮನಿಸಬೇಕಾದದ್ದು ಇನ್ನೊಂದಿದೆ. ಕುಡಿದ ಕ್ಯಾಲೊರಿಗೆ ಹೊಟ್ಟೆ ತುಂಬುವುದಿಲ್ಲ. ಕಬ್ಬಿನ ಹಾಲು ಕುಡಿದೆ ಅಂತ ರಾತ್ರಿ ಯಾರೂ ಒಂದು ಮುದ್ದೆ ಕಡಿಮೆ ಉಣ್ಣುವುದನ್ನು ನಾನು ನೋಡಿಲ್ಲ.

ಎಂಟು ವರ್ಷದ ಮಗುವಿಗೆ ಸಣ್ಣ ಲೋಟ ಕೊಟ್ಟರೂ ದಿನದ 24 ಗ್ರಾಂ ಹೆಚ್ಚುಕಡಿಮೆ ಮುಗಿಯಿತು. ವಾರಕ್ಕೊಮ್ಮೆ, ಆ ದಿನ ಚಾಕಲೇಟು ಐಸ್‌ಕ್ರೀಮು ಇಲ್ಲದೆ ಕೊಡಬಹುದು. ಜಗಿಯಲು ಎರಡು ಗೆಣ್ಣು ಕಬ್ಬು ಕೊಡುವುದು ಇನ್ನೂ ಒಳ್ಳೆಯದು. ತಿಂದ ಮೇಲೆ ಬಾಯಿ ಮುಕ್ಕಳಿಸಲಿ.

ಭೇದಿ ಆದಾಗ "ಶಕ್ತಿ ಬರಲಿ" ಅಂತ ಕಬ್ಬಿನ ಹಾಲು ಕೊಡುವುದನ್ನು ದಯವಿಟ್ಟು ನಿಲ್ಲಿಸಿ. ಒಂದು ಲೀಟರ್ ಓಆರ್‌ಎಸ್‌ನಲ್ಲಿ ಗ್ಲೂಕೋಸ್ ಇರುವುದು 13.5 ಗ್ರಾಂ, ಜೊತೆಗೆ ಅಳತೆಯ ಉಪ್ಪು. ಕಬ್ಬಿನ ಹಾಲಿನಲ್ಲಿ ಲೀಟರಿಗೆ 130ರಿಂದ 150 ಗ್ರಾಂ ಸಕ್ಕರೆ, ಹತ್ತು ಪಟ್ಟು. ಅಷ್ಟು ಗಟ್ಟಿ ಸಕ್ಕರೆ ಕರುಳಿಗೆ ಹೋದರೆ ಅದು ದೇಹದ ನೀರನ್ನೇ ಕರುಳಿಗೆ ಎಳೆದುಕೊಳ್ಳುತ್ತದೆ, ಭೇದಿ ಇನ್ನೂ ಜಾಸ್ತಿ ಆಗುತ್ತದೆ. ಕಾಮಾಲೆಗೆ ಕಬ್ಬಿನ ಹಾಲು ಕುಡಿಸುವ ರೂಢಿಯೂ ನಮ್ಮಲ್ಲಿದೆ. ಅದರಿಂದ ಕ್ಯಾಲೊರಿ ಸಿಗುತ್ತದೆ, ಕಾಯಿಲೆ ವಾಸಿಯಾಗುವುದಿಲ್ಲ. ಕೊಳಕು ನೀರಿನಿಂದಲೇ ಹರಡುವ ಕಾಮಾಲೆಗೆ ಬೀದಿಯ ಲೋಟದ ಹಾಲು ತಂದು ಕುಡಿಸುವುದು ಅಪಾಯ.

ಗಾಡಿಯ ಮುಂದೆ ನಿಂತಾಗ

ಕುಡಿಯುವುದೇ ಆದರೆ ಕಬ್ಬಿನ ಕತ್ತರಿಸಿದ ತುದಿ ನೋಡಿ. ಒಳಗೆ ಬಿಳಿ ಅಥವಾ ತಿಳಿ ಹಳದಿ ಇದ್ದರೆ ಸರಿ. ಕೆಂಪು ತಿರುಗಿ ನಡುನಡುವೆ ಬಿಳಿ ಪಟ್ಟಿ ಇದ್ದು, ಹುಳಿ ವಾಸನೆ ಬಂದರೆ ಅದು ಕೆಂಪು ಕೊಳೆ ರೋಗ ತಗುಲಿದ ಕಬ್ಬು, ಬೇಡ. ಕಡಿದು ದಿನಗಟ್ಟಲೆ ಬಿಸಿಲಲ್ಲಿ ಬಿದ್ದ ಕಬ್ಬೂ ಹುಳಿಯಾಗುತ್ತದೆ. "ಹುಳಿ ಅಂದರೆ ಸಕ್ಕರೆ ಕಡಿಮೆ" ಅಂತ ಕೆಲವರು ತಿಳಿದಿದ್ದಾರೆ. ಹಾಗಲ್ಲ. ಸುಕ್ರೋಸ್ ಒಡೆದು ಗ್ಲೂಕೋಸ್, ಫ್ರಕ್ಟೋಸ್ ಆಗಿರುತ್ತದೆ, ಕ್ಯಾಲೊರಿ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಮೊದಲೇ ಅರೆದು ಜಗ್ಗಿನಲ್ಲಿ ಇಟ್ಟಿದ್ದು ಕಪ್ಪಗಾಗಿರುತ್ತದೆ. ನಿಮ್ಮ ಎದುರಿಗೇ ಅರೆಸಿಕೊಳ್ಳಿ.

ಹೇಳಬೇಕಾದ್ದು ಇಷ್ಟು: "ಸಣ್ಣ ಲೋಟ, ಐಸ್ ಬೇಡ, ನಿಂಬೆ ಹಾಕಿ." ಆ ದಿನ ಆಗಲೇ ಸಕ್ಕರೆ ಹಾಕಿದ ಮೂರು ಟೀ ಆಗಿದ್ದರೆ ದಿನದ 30 ಗ್ರಾಂನಲ್ಲಿ 24 ಅಲ್ಲೇ ಮುಗಿದಿರುತ್ತದೆ. ಆಗ ಪಕ್ಕದ ಗಾಡಿಗೆ ಹೋಗಿ ಮಜ್ಜಿಗೆ ಕೇಳಿ.